ಕತ್ತಿಗೆ ಹತ್ತಿದ ಕೆಂಪು

ಶೆಟ್ಟಿಕೊಪ್ಪದ ಹತ್ತಿರದ ಒಂದು ಅಡಿಕೆ ತೋಟಕ್ಕೆ ನಾನು ಮ್ಯಾನೇಜರಾಗಿ ಬಂದಾಗ ನನಗೆ ಇಪ್ಪತ್ತಾರು. ನನ್ನ ಕೈಕೆಳಗೆ ಕೆಲಸ ಮಾಡಬೇಕಾಗಿದ್ದ ಮೇಸ್ತ್ರಿಗೆ ಅರವತ್ತೊಂದು. ಅವರನ್ನು ಎಲ್ಲರೂ ಗೌಡ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಆಳುಗಳ ಎದುರು ‘ಸಾರ್’ ಎನ್ನುತ್ತಿದ್ದರು. ಇಬ್ಬರೇ ಇದ್ದಾಗ ಒಮ್ಮೊಮ್ಮೆ ಬಾಯಿತಪ್ಪಿ ‘ಮಾರಾಯಾ’ ಬಂದುಬಿಡುತ್ತಿತ್ತು. ನನಗೆ ಅದೇ ಹೆಚ್ಚು ಸಲೀಸಾಗಿತ್ತು.

ಆ ವರ್ಷ ನಾನು ಒಂದು ಸುಳ್ಳು ಹೇಳಿದೆ, ಅವರು ಒಂದು ಸುಳ್ಳು ಹೇಳಿದರು. ಎರಡೂ ಮರ್ಯಾದೆಯ ಹೆಸರಿನಲ್ಲಿ ಹೇಳಿದ್ದು. ಆ ಎರಡು ಸುಳ್ಳುಗಳ ಬಗ್ಗೆ ನಾನು ಇನ್ನೂ ಯೋಚಿಸುತ್ತಿದ್ದೇನೆ.

ಮೊದಲನೆಯದು ಮೇ ಕೊನೆಯಲ್ಲಿ, ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆಯುವ ಹೊತ್ತಿಗೆ. ಔಷಧಿ ಎಂದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕದಡುತ್ತಾ ಹೊಯ್ಯಬೇಕು. ಸುಣ್ಣ ಸಾಲದೆ ಹೋದರೆ ದ್ರಾವಣ ಹುಳಿಯಾಗಿ ಉಳಿದು ಎಳೆಕಾಯಿಯನ್ನೂ ಸಿಂಗಾರವನ್ನೂ ಸುಡುತ್ತದೆ. ಇದನ್ನು ಕಂಡುಹಿಡಿಯಲು ಉಜ್ಜಿ ತೊಳೆದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುವ ಕ್ರಮವಿದೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕಬೇಕು, ಕತ್ತಿ ಹಾಗೇ ಬಿಳಿಯಾಗಿದ್ದರೆ ಸರಿಯಾಗಿದೆ. ಕಾಲೇಜಿನಲ್ಲಿ ನಾನು ಇದನ್ನು ಓದಿದ್ದೆ. ಮೊದಲು ಕಣ್ಣಾರೆ ತೋರಿಸಿದವರು ಮಾತ್ರ ಗೌಡ್ರೇ, ನಾನು ಬಂದ ವಾರದಲ್ಲಿ, ಪರೀಕ್ಷೆಗೆಂದು ಕಲಸಿದ ಒಂದು ಬಕೆಟ್ಟಿನಲ್ಲಿ.

ಔಷಧಿ ಹೊಡೆಯುವ ದಿನ ಅವರು ಕತ್ತಿ ಅದ್ದಲಿಲ್ಲ. ಇನ್ನೂರು ಲೀಟರಿನ ಡ್ರಮ್ಮನ್ನು ಬಗ್ಗಿ ನೋಡಿ, ‘ಬಣ್ಣ ಬಂತು, ಎತ್ತಿ’ ಅಂದರು. ಕೊನೆಗೌಡ ಆಗಲೇ ಮರ ಹತ್ತಿದ್ದ. ಪಂಪಿನವನು ಕಾಯುತ್ತಿದ್ದ. ನನ್ನ ಕಣ್ಣು ಸುಣ್ಣದ ಚೀಲದ ಮೇಲಿತ್ತು. ಹಿಂದೆಲ್ಲ ಆ ತೋಟದಲ್ಲಿ ಸುಟ್ಟ ಸುಣ್ಣದ ಕಲ್ಲು ತಂದು ಅಲ್ಲೇ ಅರಳಿಸುತ್ತಿದ್ದರಂತೆ. ಈಗ ಬಂದಿದ್ದು ಪುಡಿಯ ಚೀಲ, ಅದೂ ಹೋದ ವರ್ಷದ್ದು, ಬಾಯಿ ಬಿಚ್ಚಿ ಗೋದಾಮಿನ ಮೂಲೆಯಲ್ಲಿ ಕೂತದ್ದು. ಗಾಳಿಗೆ ಬಿಟ್ಟ ಸುಣ್ಣ ನಿಧಾನವಾಗಿ ಸತ್ವ ಕಳೆದುಕೊಂಡು ಬರೀ ಸುಣ್ಣಕಲ್ಲಿನ ಪುಡಿಯಂತಾಗುತ್ತದೆ. ತೂಕಕ್ಕೆ ಒಂದು ಕಿಲೋ ಇದ್ದರೂ ಕೆಲಸಕ್ಕೆ ಅಷ್ಟಿರುವುದಿಲ್ಲ.

ಹೇಳಬೇಕು. ಆದರೆ ಏಳು ಜನ ಆಳುಗಳ ಎದುರು? ಸಂಜೆ ಒಬ್ಬರೇ ಸಿಕ್ಕಾಗ ಮೆಲ್ಲಗೆ ಹೇಳೋಣವೆಂದರೆ ಅಷ್ಟರಲ್ಲಿ ಡ್ರಮ್ಮು ಮರದ ಮೇಲಿರುತ್ತದೆ. ಹಿರಿಯರ ತಪ್ಪನ್ನು ಮರೆಯಲ್ಲಿ ಹೇಳಬೇಕೆಂದು ನಮಗೆ ಕಲಿಸಿದವರ ತಲೆಯಲ್ಲಿ ಬಹುಶಃ ಕಾಯಬಲ್ಲ ತಪ್ಪುಗಳಷ್ಟೇ ಇದ್ದವು.

ನಾನು ಅಂದೆ: ‘ಗೌಡ್ರೇ, ಪ್ರತಿ ಡ್ರಮ್ಮಿಗೂ ಕತ್ತಿ ನೋಡಿ ಪುಸ್ತಕದಲ್ಲಿ ಬರೀಬೇಕು ಅಂತ ಸಾಹುಕಾರ್ರು ಹೇಳಿದಾರೆ. ಏನ್ ಮಾಡೋದು, ಒಂದ್ಸಲ ಅದ್ದಿಬಿಡಿ.’

ಸಾಹುಕಾರರು ಹಾಗೇನೂ ಹೇಳಿರಲಿಲ್ಲ. ಗೌಡ್ರು ಸೊಂಟದ ಕತ್ತಿ ತೆಗೆದು, ಉಜ್ಜಿ, ಅದ್ದಿದರು. ಕೆಂಪು ಕೂತಿತು. ಮಾತಾಡದೆ ಸುಣ್ಣದ ನೀರು ಹೊಯ್ದರು. ಮತ್ತೆ ಅದ್ದಿದರು, ಮತ್ತೆ ತಿಳಿಗೆಂಪು. ಮೂರನೆಯ ಸಲಕ್ಕೆ ಕತ್ತಿ ಬಿಳಿಯಾಗಿ ಬಂತು.

ನಾನು ಜಾಣತನ ಮಾಡಿದೆ ಅಂದುಕೊಂಡೆ. ಕಾಯಿ ಉಳಿಯಿತು, ಅವರ ಮರ್ಯಾದೆಯೂ ಉಳಿಯಿತು. ಆದರೆ ಆ ಸುಳ್ಳಿನಿಂದ ನಿಜವಾಗಿ ಉಳಿದದ್ದು ನನ್ನ ಮುಖ. ‘ನನಗೆ ಅನುಮಾನ ಇದೆ’ ಎನ್ನುವ ಮಾತಿನ ಭಾರ ಹೊರಲಾರದೆ ಅದನ್ನು ಊರಲ್ಲಿಲ್ಲದ ಸಾಹುಕಾರರ ಹೆಗಲಿಗೆ ದಾಟಿಸಿದ್ದೆ. ಜೊತೆಗೆ, ಇವರು ನಿಜ ಕೇಳಿಸಿಕೊಳ್ಳಲಾರರು ಎಂದು ಅವರನ್ನು ಕೇಳದೆಯೇ ತೀರ್ಮಾನಿಸಿದ್ದೆ. ಮಕ್ಕಳ ಬಗ್ಗೆ ನಾವು ಹಾಗೆ ತೀರ್ಮಾನಿಸುತ್ತೇವೆ. ಮೂವತ್ತು ವರ್ಷ ಆ ಕೆಲಸ ಮಾಡಿದವರ ಬಗ್ಗೆ ಹಾಗೆ ಅಂದುಕೊಳ್ಳುವುದನ್ನು ಗೌರವ ಎನ್ನಬಹುದೇ?

ಎರಡನೆಯದು ಜುಲೈಯಲ್ಲಿ. ಮೊದಲ ಔಷಧಿ ಜೂನ್ 4ಕ್ಕೆ ಮುಗಿದಿತ್ತು. ಎರಡನೆಯದು ನಲವತ್ತರಿಂದ ನಲವತ್ತೈದು ದಿನಕ್ಕೆ. ಜುಲೈ 10ಕ್ಕೆ, ಅಂದರೆ ಮೂವತ್ತಾರನೆಯ ದಿನ, ಪುನರ್ವಸು ಮಳೆ ಹಠಾತ್ತನೆ ಹೊಳವಾಯಿತು. ಗೌಡ್ರು ಬೆಳಿಗ್ಗೆಯೇ ಬಂದರು.

‘ಸಾರ್, ಇವತ್ತೇ ಶುರು ಮಾಡಿಬಿಡಣ. ಪುಷ್ಯ ಹಿಡಿದ್ರೆ ಬಿಡಾ ಮಳೆ ಅಲ್ಲ ಅದು.’

ನಾನು ಲೆಕ್ಕ ಹಾಕಿದೆ. ಈಗಲೇ ಹೊಡೆದರೆ ಆಗಸ್ಟ್ ಕೊನೆಯೊಳಗೆ ಮೂರನೆಯದು ಖಂಡಿತ ಬೇಕಾಗುತ್ತದೆ. ಮೈಲುತುತ್ತ, ಕೂಲಿ, ಕೊನೆಗೌಡನ ದಿನ, ಎಲ್ಲ ಮತ್ತೆ. ‘ಇನ್ನೊಂದು ವಾರ ನೋಡೋಣ’ ಅಂದೆ. ಅದು ಮೂರ್ಖ ಲೆಕ್ಕವಾಗಿರಲಿಲ್ಲ, ಈಗಲೂ ಹಾಗೇ ಹೇಳುತ್ತೇನೆ. ಅವರು ‘ಆಯ್ತು’ ಅಂದು ಹೋದರು. ನಾಲ್ಕನೆಯ ದಿನ ಹಿಡಿದ ಮಳೆ ಆಗಸ್ಟ್ ಮೊದಲ ವಾರದವರೆಗೆ ಔಷಧಿ ಒಣಗುವಷ್ಟು ಬಿಸಿಲನ್ನೂ ಕೊಡಲಿಲ್ಲ. ಹಳ್ಳದ ಪಕ್ಕದ ತಗ್ಗಿನಲ್ಲಿ ಮೊದಲು ಕಾಯಿಯ ತೊಟ್ಟಿನ ಹತ್ತಿರ ನೀರು ನೆನೆದಂಥ ಕಡುಹಸಿರು ಕಲೆ ಬಂತು. ವಾರದೊಳಗೆ ಬುಡದಲ್ಲಿ ಬಿಳಿ ಬೂಷ್ಟು ಹಿಡಿದ ಹಸಿ ಅಡಿಕೆ ಹಾಸಿತ್ತು.

ಸಾಹುಕಾರರು ಬಂದು ಆ ಹಾಸನ್ನು ನೋಡಿ ನಿಂತರು. ನಾನು ಬಾಯಿ ತೆರೆಯುವುದರೊಳಗೆ ಗೌಡ್ರು ಹೇಳಿದರು: ‘ನಾನೇ ತಡೀರಿ ಅಂದಿದ್ದೆ. ಹೊಳವು ನಿಲ್ತದೆ ಅನ್ಕಂಡೆ.’

ನಾನು ಸುಮ್ಮನಿದ್ದೆ. ಹೆಚ್ಚೆಂದರೆ ನಾಲ್ಕು ಉಸಿರಿನಷ್ಟು ಹೊತ್ತು. ಆಮೇಲೆ ‘ಇಲ್ಲ, ತಡೆದದ್ದು ನಾನು’ ಅಂದೆ. ಆ ನಾಲ್ಕು ಉಸಿರಿಗೆ ನನ್ನ ಬಳಿ ಸಮಜಾಯಿಷಿ ಇಲ್ಲ. ಸಾಹುಕಾರರು ಇಬ್ಬರನ್ನೂ ನೋಡಿ, ಏನೂ ಹೇಳದೆ ಕಾರಿನ ಕಡೆ ನಡೆದರು.

ಆಮೇಲೆ ನನ್ನನ್ನು ಕಾಡಿದ್ದು ನಷ್ಟಕ್ಕಿಂತ ಒಂದು ಪ್ರಶ್ನೆ. ಮೇ ತಿಂಗಳಲ್ಲಿ ಅವರ ಅನುಭವವನ್ನು ನಂಬದಿದ್ದದ್ದು ಸರಿಯಾಯಿತು, ಜುಲೈಯಲ್ಲಿ ನಂಬದಿದ್ದದ್ದು ತಪ್ಪಾಯಿತು. ಹಾಗಾದರೆ ಕಿರಿಯ ಮೇಲಧಿಕಾರಿ ಯಾವಾಗ ಮಣಿಯಬೇಕು? ‘ಅನುಭವ’ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ವಸ್ತುಗಳಿವೆ ಎಂದು ನನಗೆ ಈಗ ಅನ್ನಿಸುತ್ತದೆ. ಡ್ರಮ್ಮಿನ ಬಣ್ಣ ನೋಡಿ ಗೌಡ್ರು ಕಲಿತದ್ದು ಸುಟ್ಟ ಕಲ್ಲಿನ ಸುಣ್ಣದಲ್ಲಿ. ಸುಣ್ಣ ಬದಲಾದದ್ದು ಅವರ ಕಣ್ಣಿಗೆ ಗೊತ್ತಾಗಲಿಲ್ಲ, ಕಣ್ಣು ಹಳೆಯ ಧೈರ್ಯದಲ್ಲೇ ತೀರ್ಪು ಕೊಟ್ಟಿತು. ಆ ತಗ್ಗಿನ ಮಳೆ ಮಾತ್ರ ಬದಲಾಗಿರಲಿಲ್ಲ. ಅದನ್ನು ಅವರು ಮೂವತ್ತು ಪುಷ್ಯಗಳಲ್ಲಿ ನೆನೆದು ಕಲಿತಿದ್ದರು. ನನ್ನ ನಲವತ್ತೈದು ದಿನ ಯಾವ ತೋಟಕ್ಕೂ ಬರೆದದ್ದಲ್ಲ. ಹಾಗಾಗಿ ಇವರಿಗೆ ಎಷ್ಟು ವರ್ಷವಾಯಿತು ಎಂದು ಎಣಿಸುವುದಕ್ಕಿಂತ, ಇವರು ಕಲಿತ ವಸ್ತುವೇ ಈಗಲೂ ಎದುರಿಗಿದೆಯೇ ಎಂದು ನೋಡಬೇಕು. ಇದೂ ಎಲ್ಲ ಕಡೆ ಸಲ್ಲುವುದಿಲ್ಲ. ಮಳೆಯೇ ಬದಲಾಗುತ್ತಿರುವ ಕಾಲದಲ್ಲಿ ಮುಂದಿನ ಪುಷ್ಯವನ್ನು ಯಾರು ಬಲ್ಲರು?

ಇನ್ನೊಂದು ಮಾತು. ಗೌಡ್ರ ‘ಹಳೇ ಕ್ರಮ’ವಾದ ಈ ಔಷಧಿಯೇ ಒಂದು ಕಾಲಕ್ಕೆ ಹುಡುಗನೊಬ್ಬನ ಹೊಸ ಮಾತು. ಲೆಸ್ಲಿ ಕೋಲ್ಮನ್ ಕೆನಡಾದಿಂದ ಮೈಸೂರು ಸರ್ಕಾರದ ಕೆಲಸಕ್ಕೆ ಬಂದದ್ದು 1908ರಲ್ಲಿ, ಮೂವತ್ತರ ಆಸುಪಾಸಿನಲ್ಲಿ. ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಹೊಡೆಯಿರಿ ಅಂದವರು ಅವರು. ಅದಕ್ಕೆ ಮುಂಚೆ ಕೊನೆಕೊನೆಗೂ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಕೊಟ್ಟೆ ಕಟ್ಟುವುದರಲ್ಲಿ ನುರಿತ ಅರವತ್ತರ ಮುದುಕರು ಆ ದೊರೆಯ ಡ್ರಮ್ಮಿನ ಎದುರು ಹೇಗೆ ನಿಂತಿದ್ದಿರಬಹುದು ಎಂದು ಊಹಿಸಿಕೊಳ್ಳುತ್ತೇನೆ.

ಸುಳ್ಳಿನ ಲೆಕ್ಕ ಮಾತ್ರ ಸಮವಾಗಲಿಲ್ಲ. ನಾನು ಹೇಳಿದ ಸುಳ್ಳಿನಿಂದ ನನಗೆ ಕಷ್ಟ ತಪ್ಪಿತು. ಅವರು ಹೇಳಿದ್ದನ್ನು ಸಾಹುಕಾರರು ನಂಬಿದ್ದರೆ ಅವರ ಕೆಲಸವೇ ಹೋಗಬಹುದಿತ್ತು. ಆ ವಯಸ್ಸಿನಲ್ಲಿ ಬೇರೆ ತೋಟದವರು ಕರೆಯುವುದಿಲ್ಲ. ಅಷ್ಟಾದರೂ ಅವರ ಸುಳ್ಳಿಗೆ ನಾನು ಪೂರ್ತಿ ಕೃತಜ್ಞನಾಗಲಾರೆ. ತಪ್ಪು ಮಾಡುವ ಅಧಿಕಾರ ನನಗೆ ಸಂಬಳದ ಜೊತೆ ಬಂದಿತ್ತು. ಅದನ್ನು ಅವರು ಪ್ರೀತಿಯಿಂದಲೇ ನನ್ನ ಕೈಯಿಂದ ತೆಗೆದು, ಹುಡುಗನನ್ನು ಹುಡುಗನಾಗಿಯೇ ಇರಿಸಿದರು. ನಾನು ಮೇ ತಿಂಗಳಲ್ಲಿ ಅವರಿಗೆ ಮಾಡಿದ್ದೂ ಅದನ್ನೇ ಅಲ್ಲವೇ?

ಮಾರನೆಯ ವರ್ಷ ಮೇ ತಿಂಗಳಲ್ಲಿ, ಮೊದಲ ಡ್ರಮ್ಮಿನ ಹತ್ತಿರ, ಎಲ್ಲರೆದುರೇ ಹೇಳಿದೆ: ‘ಗೌಡ್ರೇ, ಹೋದ ಸಲ ಸಾಹುಕಾರ್ರು ಏನೂ ಹೇಳಿರಲಿಲ್ಲ. ನನಗೇ ಸುಣ್ಣದ ಮೇಲೆ ಅನುಮಾನ ಇತ್ತು.’

ಅವರು ಕತ್ತಿ ಉಜ್ಜುತ್ತಿದ್ದರು. ತಲೆ ಎತ್ತದೆ, ‘ಗೊತ್ತಿತ್ತು ಮಾರಾಯಾ’ ಅಂದರು. ‘ಸಾಹುಕಾರ್ರಿಗೆ ಕತ್ತಿ ಅದ್ದಾ ವಿಷ್ಯ ಎಲ್ಲಿ ಗೊತ್ತು?’