ಕಾರ್ಡು ಮೊದಲೋ, ವೀಕ್ಷಣೆ ಮೊದಲೋ

ಯೂಟ್ಯೂಬ್ ವಿಡಿಯೊ ಓಡುತ್ತಿರುವಾಗ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಪುಟ್ಟ ಪಟ್ಟಿ ಸರಿದುಬಂದು ಇನ್ನೊಂದು ವಿಡಿಯೊ ತೋರಿಸುತ್ತದಲ್ಲ, ಅದೇ ಕಾರ್ಡು. ಒಂದು ವಿಡಿಯೊಗೆ 5ರವರೆಗೆ ಹಾಕಬಹುದು. ಕಾರ್ಡು ಹೆಚ್ಚಿರುವ ವಿಡಿಯೊಗಳನ್ನು ಹೆಚ್ಚು ಜನ ನೋಡಿರುವುದು ಕಂಡರೆ, ಕಾರ್ಡಿನಿಂದಲೇ ಜನ ಬಂದರು ಅನ್ನಿಸುವುದು ಸಹಜ. ಆದರೆ ಆ ತೀರ್ಮಾನ ನಿಲ್ಲುವುದಿಲ್ಲ.

ಕಾರ್ಡು ಒತ್ತಿದವರು ಎಲ್ಲಿಗೆ ಹೋಗುತ್ತಾರೆ ನೋಡಿ. ಬಿಸಿಬೇಳೆಬಾತ್ ವಿಡಿಯೊದಲ್ಲಿ ಅದರ ಪುಡಿ ಮಾಡುವ ವಿಡಿಯೊದ ಕಾರ್ಡು ಇದೆ ಎನ್ನಿ. ಒತ್ತಿದರೆ ವೀಕ್ಷಣೆ ಸೇರುವುದು ಪುಡಿಯ ಲೆಕ್ಕಕ್ಕೆ. ಬಾತಿನ ವಿಡಿಯೊವನ್ನು ಆ ವೀಕ್ಷಕ ಅರ್ಧಕ್ಕೇ ಬಿಟ್ಟು ಹೋದ ಹಾಗಾಯಿತು. ಹಾಗಿದ್ದರೂ ನಾವು ಬಾತಿನ ಕಾರ್ಡುಗಳನ್ನು ಬಾತಿನ ವೀಕ್ಷಣೆಯ ಜೊತೆಗೇ ಹೋಲಿಸುತ್ತೇವೆ!

ಕಾರಣ ಹಲವು ಸಲ ತಿರುಗುಮುರುಗು. ಪ್ರಕಟಿಸಿದ ಎಷ್ಟೋ ತಿಂಗಳ ಮೇಲೂ ಕಾರ್ಡು ಸೇರಿಸಬಹುದು. ಅನುಭವಿಗಳು ಚೆನ್ನಾಗಿ ಓಡುತ್ತಿರುವ ಹಳೆಯ ವಿಡಿಯೊ ಹುಡುಕಿ, ಅಲ್ಲಿನ ಜನರನ್ನು ಹೊಸದರತ್ತ ಕಳಿಸಲೆಂದೇ ಕಾರ್ಡು ಹಾಕುತ್ತಾರೆ. ಹೊರಗಿನ ಜಾಲತಾಣದ ಲಿಂಕನ್ನು ಕಾರ್ಡಿನಲ್ಲಿ ಕೊಡಲು ಯೂಟ್ಯೂಬಿನ ಪಾಲುದಾರ ಯೋಜನೆಯಲ್ಲಿರಬೇಕು. ಆ ಯೋಜನೆಗೆ ಸೇರಲು ಮೊದಲೇ ಸಾಕಷ್ಟು ಚಂದಾದಾರರೂ ವೀಕ್ಷಣೆಯೂ ಇರಬೇಕು. ಅಲ್ಲಿ ಜನ ಮುಂಚೆ, ಲಿಂಕು ಆಮೇಲೆ.

ಒಂದು ಲೆಕ್ಕ ಹಾಕೋಣ. ದೊಡ್ಡ ಚಾನೆಲ್ಲಿನ 50 ವಿಡಿಯೊಗಳಿಗೆ ತಲಾ 50,000 ವೀಕ್ಷಣೆ, ಸಣ್ಣದರ 50ಕ್ಕೆ ತಲಾ 2,000. ಕಾರ್ಡು ಇರಲಿ ಬಿಡಲಿ, ಅಷ್ಟೇ. ಅಂದರೆ ಕಾರ್ಡಿನ ಪರಿಣಾಮ ಸೊನ್ನೆ. ದೊಡ್ಡವರು 40 ವಿಡಿಯೊಗಳಿಗೆ ಕಾರ್ಡು ಹಾಕಿದ್ದಾರೆ, ಸಣ್ಣವರು 10ಕ್ಕೆ. ನೂರನ್ನೂ ಒಟ್ಟಿಗೆ ಸುರಿದು ಸರಾಸರಿ ತೆಗೆದರೆ ಕಾರ್ಡಿನವಕ್ಕೆ 40,400, ಇಲ್ಲದವಕ್ಕೆ 11,600. ಮೂರೂವರೆ ಪಟ್ಟಿನ ಈ ಅಂತರ ಹುಟ್ಟಿದ್ದು ಚಾನೆಲ್ಲಿನ ಗಾತ್ರದಿಂದ. ಅದಕ್ಕೇ ಮೊದಲು ಒಂದೇ ಚಾನೆಲ್ಲಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ವಿಡಿಯೊಗಳನ್ನು ಹೋಲಿಸಬೇಕು.

ಕಾರ್ಡು ನಿಜಕ್ಕೂ ಎಷ್ಟು ಜನರನ್ನು ಕಳಿಸಿತು ಎಂದು ತಿಳಿಯಬೇಕಾದರೆ ಪುಡಿಯ ವಿಡಿಯೊದ ಅಂಕಿಅಂಶ ತೆರೆಯಿರಿ. ವೀಕ್ಷಕರು ಎಲ್ಲಿಂದ ಬಂದರು ಎಂಬ ಪಟ್ಟಿಯಲ್ಲಿ ಹುಡುಕಾಟ, ಶಿಫಾರಸುಗಳ ಜೊತೆ ಕಾರ್ಡಿಗೂ ಬೇರೆ ಲೆಕ್ಕವಿರುತ್ತದೆ. ಅದೂ ಪೂರ್ತಿ ಸಾಕ್ಷ್ಯವಲ್ಲ, ಕಾರ್ಡು ಇರದಿದ್ದರೂ ಕೆಲವರು ಹುಡುಕಿಕೊಂಡು ಬರುತ್ತಿದ್ದರು.

ಗಟ್ಟಿ ಪರೀಕ್ಷೆಗೆ ನಾಣ್ಯ ಚಿಮ್ಮಬೇಕು. ನಿಮ್ಮ ಹಳೆಯ ವಿಡಿಯೊಗಳಲ್ಲಿ ಕಾರ್ಡು ಯಾವುದನ್ನು ತೋರಿಸಬೇಕು, ಯಾವುದನ್ನು ಬೇಡ ಎಂಬುದನ್ನು ನಾಣ್ಯವೇ ನಿರ್ಧರಿಸಲಿ; ಚೆನ್ನಾಗಿ ಓಡುವುದನ್ನು ಆರಿಸುವ ಆಸೆಗೆ ಆಗ ಎಡೆಯಿರುವುದಿಲ್ಲ. ಕೆಲವು ವಾರ ಬಿಟ್ಟು, ಕಾರ್ಡು ತೋರಿಸಿದ ವಿಡಿಯೊಗಳಿಗೂ ತೋರಿಸದವಕ್ಕೂ ಬಂದ ಹೊಸ ವೀಕ್ಷಣೆಯನ್ನು ಎಣಿಸಿ. ಹತ್ತೇ ವಿಡಿಯೊ ಇದ್ದರೆ ಈ ಪರೀಕ್ಷೆ ಸಾಲದು: ನಡುವೆ ಒಂದು ವೈರಲ್ ಆದರೆ ಸರಾಸರಿಯೇ ಅದರ ಕಡೆ ವಾಲುತ್ತದೆ.