ಕಿರಣ: ಮಗನೋ, ಮಗಳೋ?

ಸವದತ್ತಿ ಸೀಮೆಯಲ್ಲಿ ಯಲ್ಲಪ್ಪ ಅಂದರೆ ಗಂಡು, ಯಲ್ಲವ್ವ ಅಂದರೆ ಹೆಣ್ಣು. ಬಸಪ್ಪ–ಬಸವ್ವ, ಮಲ್ಲಪ್ಪ–ಮಲ್ಲವ್ವ ಎಲ್ಲವೂ ಹೀಗೇ. ಈಗ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಮನೆಗಳಲ್ಲೂ ಕಿರಣ, ಕೀರ್ತಿ, ಶಶಿ ಎಂಬ ಹೆಸರು ಕೇಳಿದರೆ, ಮುಂದೆ ಶಾಲೆ ಪಟ್ಟಿಯಲ್ಲಿ ಗೊಂದಲವಾದೀತೇ ಎಂದು ಹಿರಿಯರು ಅಳುಕುತ್ತಾರೆ.

ಇದೇ ಅಳುಕು ಜರ್ಮನಿಯಲ್ಲಿ ನ್ಯಾಯಾಲಯದವರೆಗೂ ಹೋಗಿತ್ತು. ಭಾರತೀಯ ಮೂಲದ ತಂದೆಯ ಕುಟುಂಬವೊಂದು ಮಗಳಿಗೆ ಕಿರಣ್ ಎಂದು ಹೆಸರಿಟ್ಟಿತು. ಹೆಣ್ಣೆಂದು ತಿಳಿಯುವಂಥ ಇನ್ನೊಂದು ಹೆಸರನ್ನು ಜೊತೆಗೆ ಸೇರಿಸದೆ ಆಗದು ಎಂದರು ನೋಂದಣಿ ಅಧಿಕಾರಿಗಳು. 2008ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತಂದೆತಾಯಿಯ ಪರ ನಿಂತಿತು. ಹೆಸರೇ ಲಿಂಗವನ್ನು ಹೇಳಬೇಕೆಂಬ ಕಾನೂನು ಇಲ್ಲ ಎಂದಿತು.

ನಮ್ಮ ಕಾನೂನೂ ಅದನ್ನು ಕೇಳುವುದಿಲ್ಲ. ಜನನ ನೋಂದಣಿಯಲ್ಲಿ ಲಿಂಗಕ್ಕೆ ಬೇರೆಯದೇ ಕಾಲಂ ಇದೆ. ಹೆರಿಗೆಯಾದ 21 ದಿನದೊಳಗೆ ಆಸ್ಪತ್ರೆಯಿಂದಲೇ ವಿವರ ಹೋಗುತ್ತದೆ. ಆಗ ಎಷ್ಟೋ ಮಕ್ಕಳಿಗೆ ಹೆಸರೇ ಇಟ್ಟಿರುವುದಿಲ್ಲ, ಅದನ್ನು ಆಮೇಲೆ ಸೇರಿಸಲು ಅವಕಾಶವಿದೆ. ಹಾಗಾಗಿ ಹೆಣ್ಣು ಎಂದು ಬರೆಯುವ ಕೈಗೆ ಕಿರಣ ಎಂಬ ಹೆಸರು ಆ ಹೊತ್ತಿಗೆ ಗೊತ್ತೇ ಇರುವುದಿಲ್ಲ.

ತಪ್ಪು ನುಸುಳುವುದು ನಂತರ. ಆಧಾರ್ ಮಾಡಿಸುವಾಗಲೋ, ಶಾಲೆಯ ದಾಖಲಾತಿಯನ್ನು ಕಂಪ್ಯೂಟರಿಗೆ ಏರಿಸುವಾಗಲೋ ನಮೂದಿಸುವವರು ಹೆಸರು ನೋಡಿಯೇ ಗಂಡು ಎಂದು ಊಹಿಸಿಬಿಡುತ್ತಾರೆ. ಯಲ್ಲವ್ವನ ಮುಂದೆ ಗಂಡು ಎಂದು ಬಿದ್ದರೆ ಯಾರ ಕಣ್ಣಿಗೂ ಚುಚ್ಚುತ್ತದೆ, ಅಲ್ಲೇ ತಿದ್ದುತ್ತಾರೆ. ಕಿರಣನ ಮುಂದೆ ಬಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಇಂಥ ಹೆಸರಿನ ನಿಜವಾದ ತೊಡಕು ಇದೊಂದೇ ಎಂದು ನನಗೆ ಅನಿಸುತ್ತದೆ: ತಪ್ಪು ಹೆಚ್ಚೆಂದಲ್ಲ, ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ. ಚೇತನ, ಚೇತನಾ ಕನ್ನಡದಲ್ಲಿ ಎರಡು ಹೆಸರು, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಎರಡೂ Chetana ಆಗಿಬಿಡಬಹುದು. ಅಲ್ಲೂ ಇದೇ ಕಥೆ.

ಬೈಲಹೊಂಗಲದ ಒಂದು ಮಗು ಕಿರಣ ಎಂದುಕೊಳ್ಳಿ. ಜನನ ಪತ್ರದಲ್ಲಿ ಹೆಣ್ಣು, ಆಧಾರ್‌ನಲ್ಲಿ ಗಂಡು. ಹಾಜರಿ ಕೂಗುವ ಗುರುಗಳಿಗೆ ಮಗು ಕಣ್ಣೆದುರೇ ಇರುತ್ತದೆ, ವರ್ಷಗಟ್ಟಲೆ ಏನೂ ತೊಂದರೆಯಿಲ್ಲ. ಶಾಲೆಯ ದಾಖಲೆಯನ್ನು ಆಧಾರ್ ಜೊತೆ ತಾಳೆ ನೋಡುವ ದಿನ ಮಾತ್ರ ಹೆಸರು, ಜನ್ಮದಿನಾಂಕ ಕೂಡುತ್ತವೆ, ಲಿಂಗ ಕೂಡುವುದಿಲ್ಲ. ಅಲ್ಲಿಗೆ ಅಪಾರ್ ಸಂಖ್ಯೆ ನಿಂತುಹೋಗುತ್ತದೆ. ಆಧಾರ್‌ನಲ್ಲಿ ಲಿಂಗ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಆದ್ದರಿಂದ ಅವಸರದಲ್ಲಿ ಅದನ್ನು ಕಳೆಯಬಾರದು. ಮೊದಲು ಜನನ ಪತ್ರ ಸರಿಯಿದೆಯೇ ನೋಡಬೇಕು. ಅಲ್ಲಿಯೇ ತಪ್ಪಿದ್ದರೆ 1969ರ ಜನನ-ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಡಿ ನೋಂದಣಾಧಿಕಾರಿಗೆ ಅರ್ಜಿ ಕೊಡಬೇಕು. ಅವರು ಹಳೆಯ ಬರಹ ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ, ದಿನಾಂಕ ಹಾಕುತ್ತಾರೆ.

ಮಗಳಿಗೆ ಕಿರಣ ಎಂದೇ ಕರೆಯಿರಿ. ಆಧಾರ್ ಕೇಂದ್ರದಲ್ಲಿ ಕೊಡುವ ಸ್ವೀಕೃತಿ ಚೀಟಿಯನ್ನು ಮಡಚಿ ಇಟ್ಟುಕೊಳ್ಳುವ ಮೊದಲು, ಹೆಸರಿನ ಅಕ್ಷರಗಳ ಜೊತೆಗೆ ಲಿಂಗದ ಕಾಲಮನ್ನೂ ಅಲ್ಲೇ ನಿಂತು ಓದಿಕೊಳ್ಳಿ.