ಮುಖಪುಟದ ಐದನೆಯ ಹೆಸರು

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನಾನು ನಿನ್ನ ಗದ್ದೆಯಲ್ಲಿ ನಾಟಿ ಮಾಡಿದರೆ ನಾಳೆ ನೀನು ನನ್ನ ಗದ್ದೆಗೆ ಇಳಿಯಬೇಕು. ಲೆಕ್ಕ ಆಳಿಂದ ಆಳಿಗೆ, ಯಾರು ಯಾರಿಗೆ ಬಾಕಿ ಎಂಬುದು ಊರಿಗೇ ಗೊತ್ತು. ಕಾಲೇಜಿನ ಗುಂಪು ಪ್ರಾಜೆಕ್ಟಿನಲ್ಲಿ ಈ ಲೆಕ್ಕವೇ ಇಲ್ಲ. ಗದ್ದೆ ಒಂದು, ಫಸಲು ಒಂದು, ಐವರಿಗೂ ಒಂದೇ ಅಂಕ. ರಾತ್ರಿ ಕೊಳಕ್ಕೆ ತಲಾ ಒಂದು ಚೊಂಬು ಹಾಲು ಸುರಿಯಿರಿ ಎಂದು ರಾಜ ಹೇಳಿದಾಗ ಎಲ್ಲರೂ ನೀರು ಸುರಿದ ಕಥೆ ಗೊತ್ತಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದ ಜಾಗ.

ನನ್ನ ವಿಭಾಗದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಇಂಥ ಗುಂಪಿನ ನಾಯಕಿಯಾಗಿ ಆರಿಸಿ ಬಂದಿದ್ದಳು. ವಿಷಯ ವಾರದ ಸಂತೆಯ ವ್ಯಾಪಾರಿಗಳು. ಒಟ್ಟು ನೂರು ಸಂದರ್ಶನ, ತಲಾ ಇಪ್ಪತ್ತು. ಮೂರನೆಯ ವಾರದ ಕೊನೆಗೆ ಒಬ್ಬ ಹುಡುಗ ನಾಲ್ಕು ಮಾತ್ರ ಮಾಡಿದ್ದ. ಉಳಿದ ಹದಿನಾರನ್ನು ಬಾಕಿ ನಾಲ್ವರು ಹಂಚಿಕೊಂಡರೆ ತಲಾ ನಾಲ್ಕು ಹೆಚ್ಚು, ಅಷ್ಟೇ. ಆದರೆ ಹಂಚಿಕೊಂಡ ಮರುವಾರವೇ ಇನ್ನೊಬ್ಬಳ ಕೆಲಸವೂ ನಿಧಾನವಾಯಿತು. ಅವಳು ಸೋಮಾರಿಯಲ್ಲ, ‘ನಾನೇಕೆ ಪೆದ್ದಿಯಾಗಲಿ’ ಅನ್ನಿಸಿತ್ತು. ಮನಶ್ಶಾಸ್ತ್ರಜ್ಞರು ಇದನ್ನು ಸೋಮಾರಿತನದಿಂದ ಬೇರೆಯಾಗಿಯೇ ಗುರುತಿಸುತ್ತಾರೆ. ಗುಂಪು ಕೆಡುವುದು ಹೆಚ್ಚಾಗಿ ಈ ಎರಡನೆಯವರಿಂದ.

‘ಅಕ್ಕಾ, ಮುಖಪುಟದಿಂದ ಅವನ ಹೆಸರು ತೆಗೆದುಬಿಡಲಾ?’ ಎಂದು ಅವಳು ಕೇಳಿದಳು. ಇದು ನ್ಯಾಯದ ಪ್ರಶ್ನೆ. ದಾರ್ಶನಿಕ ಎಚ್.ಎಲ್.ಎ. ಹಾರ್ಟ್ 1955ರಲ್ಲಿ ಒಂದು ಮಾತು ಮುಂದಿಟ್ಟರು: ಕೆಲವರು ನಿಯಮಕ್ಕೆ ತಲೆಬಾಗಿ ಕೂಡಿ ಕೆಲಸ ಮಾಡಿದಾಗ, ಅದರ ಫಲ ಉಂಡವರೂ ಹಾಗೆಯೇ ತಲೆಬಾಗಬೇಕು. ರಾಬರ್ಟ್ ನೋಜಿಕ್ 1974ರಲ್ಲಿ ಇದಕ್ಕೆ ತಕರಾರು ತೆಗೆದರು. ನಿಮ್ಮ ಬೀದಿಯವರು ಧ್ವನಿವರ್ಧಕ ಕಟ್ಟಿ, ದಿನಕ್ಕೊಬ್ಬರಂತೆ ಹಾಡು, ಕಥೆ ಕೇಳಿಸುತ್ತಾರೆ, ನಿಮಗೂ ಖುಷಿಯಾಗಿದೆ. ಅಷ್ಟಕ್ಕೇ ನಿಮ್ಮ ಸರದಿಯ ದಿನ ನೀವು ಕೆಲಸ ಬಿಟ್ಟು ಮೈಕಿನ ಮುಂದೆ ಕೂರಲೇಬೇಕೇ? ಕೇಳದೆ ಬಂದ ಲಾಭಕ್ಕೆ ಋಣ ಹುಟ್ಟುವುದಿಲ್ಲ ಎಂಬುದು ಅವರ ವಾದ.

ಆ ಹುಡುಗನೂ ಇದನ್ನೇ ಹೇಳಬಹುದಿತ್ತು. ಗುಂಪು ಮಾಡಿದ್ದು ಅಧ್ಯಾಪಕರು, ಅದೂ ರೋಲ್ ನಂಬರ್ ಪ್ರಕಾರ. ಆದರೆ ಮೊದಲ ಸಭೆಯಲ್ಲಿ ಅವನು ಕೈಯೆತ್ತಿ ನಾಯಕಿಯನ್ನು ಆರಿಸಿದ್ದ, ಇಪ್ಪತ್ತರ ಪಾಲನ್ನು ಒಪ್ಪಿದ್ದ. ಹಾಗಾಗಿ ನೋಜಿಕ್ ಅವನ ನೆರವಿಗೆ ಬರುವುದಿಲ್ಲ. ಋಣ ಇದೆ. ಆದರೆ ಅದು ನಾಲ್ವರು ಜೊತೆಗಾರರಿಗೆ, ನಾಯಕಿಗಲ್ಲ. ಅವಳನ್ನು ಆರಿಸಿದವರಲ್ಲಿ ಅವನೂ ಒಬ್ಬ. ಕೇಳುವ ಅಧಿಕಾರವನ್ನು ಅವರು ಕೊಟ್ಟಿದ್ದರು, ಶಿಕ್ಷಿಸುವ ಅಧಿಕಾರವನ್ನು ಕೊಟ್ಟಿರಲಿಲ್ಲ. ಅಂಕದ ಅಧಿಕಾರ ಅಧ್ಯಾಪಕರದ್ದು.

ಕೇಳುವುದರಲ್ಲೂ ಒಂದು ಅಪಾಯವಿದೆ. ‘ಭಾನುವಾರದೊಳಗೆ ಹದಿನಾರು ಬೇಕು’ ಎಂದು ಒತ್ತಿದರೆ ಹದಿನಾರು ಹಾಳೆ ಬರುತ್ತವೆ, ಸಂದರ್ಶನ ಬರುವುದಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಕೂತು ತುಂಬಿದ ಪ್ರಶ್ನಾವಳಿಯನ್ನು ಕ್ಷೇತ್ರಕಾರ್ಯ ಮಾಡಿದವರು ಹೆಚ್ಚಾಗಿ ಗುರುತಿಸುತ್ತಾರೆ. ಎಲ್ಲ ಹಾಳೆಗೂ ಒಂದೇ ಪೆನ್ನು, ಒಂದೇ ಬರಹದ ಓಟ. ಹೊಡೆದುಹಾಕಿದ ಉತ್ತರವಿಲ್ಲ, ಖಾಲಿ ಬಿಟ್ಟ ಕಾಲಂ ಇಲ್ಲ. ಸಂತೆಯಲ್ಲಿ ಈರುಳ್ಳಿ ತೂಗುತ್ತಾ ಮಾತಾಡುವವನು ಆದಾಯದ ಪ್ರಶ್ನೆಗೆ ಅಷ್ಟು ಸಲೀಸಾಗಿ ಉತ್ತರ ಕೊಡುವುದಿಲ್ಲ. ಅನುಮಾನ ಬಂದರೆ ಹಾಳೆಗಳಲ್ಲಿ ಎರಡನ್ನು ಆರಿಸಿ, ಮುಂದಿನ ಸಂತೆಯಲ್ಲಿ ಆ ವ್ಯಾಪಾರಿಯನ್ನೇ ಹುಡುಕಬೇಕು. ಕೆಲಸ ಮಾಡದವನು ತನ್ನ ಪಾಲನ್ನಷ್ಟೇ ಕಳೆಯುತ್ತಾನೆ. ಸುಳ್ಳು ಹಾಳೆ ಉಳಿದ ಎಂಬತ್ತನಾಲ್ಕನ್ನೂ ಕೆಡಿಸುತ್ತದೆ.

ಅವಳು ಒತ್ತಲಿಲ್ಲ. ಕ್ಯಾಂಟೀನಿನಲ್ಲಿ ಕೂರಿಸಿ ಕಾರಣ ಕೇಳಿದಳು. ಸಂತೆಯ ದಿನವೇ ಅವನಿಗೆ ಮೊಬೈಲ್ ಅಂಗಡಿಯಲ್ಲಿ ಅರೆಕಾಲಿಕ ಕೆಲಸ, ರಜೆ ಹಾಕಿದರೆ ಕೂಲಿ ಇಲ್ಲ. ಹೇಳಲು ನಾಚಿಕೆ. ಇದು ಅವನ ಋಣವನ್ನು ಅಳಿಸುವುದಿಲ್ಲ, ಆದರೆ ತೀರಿಸುವ ದಾರಿಯನ್ನು ಬದಲಿಸುತ್ತದೆ. ನೂರೂ ಹಾಳೆಗಳ ದತ್ತಾಂಶವನ್ನು ಕಂಪ್ಯೂಟರಿಗೆ ಹತ್ತಿಸಿ ಕೋಷ್ಟಕ ಮಾಡುವ ಕೆಲಸವನ್ನು ರಾತ್ರಿ ಮಾಡಬಹುದಲ್ಲ. ಈ ಬದಲಾವಣೆಯನ್ನು ಅವಳು ಒಬ್ಬಳೇ ತೀರ್ಮಾನಿಸದೆ ಐವರ ಮುಂದಿಟ್ಟು ಒಪ್ಪಿಸಿದಳು. ನಿಧಾನವಾಗಿದ್ದ ಆ ಎರಡನೆಯವಳು ಮತ್ತೆ ಸಂತೆಗೆ ಹೊರಟಿದ್ದು ಈ ಸಭೆಯ ನಂತರ.

ಇನ್ನು ಮುಖಪುಟ. ಅಲ್ಲಿ ಬರೆದ ಹೆಸರು ಬಹುಮಾನವಲ್ಲ, ‘ಇದನ್ನು ಇವರು ಮಾಡಿದರು’ ಎಂದು ಓದುವವರಿಗೆ ಕೊಡುವ ಸಾಕ್ಷಿ. ಹೆಸರು ತೆಗೆದರೂ ಸುಳ್ಳು, ವಿವರವಿಲ್ಲದೆ ಸಮನಾಗಿ ಹಾಕಿದರೂ ಅರ್ಧ ಸುಳ್ಳು. ವಿಜ್ಞಾನ ಪತ್ರಿಕೆಗಳಲ್ಲಿ ಲೇಖನದ ಕೊನೆಗೆ ಯಾವ ಲೇಖಕರು ಏನು ಮಾಡಿದರು ಎಂದು ಬರೆಯುವಂತೆ ಇಲ್ಲೂ ಒಂದು ಪುಟ ಸೇರಿತು. ಪ್ರತಿಯೊಬ್ಬರೂ ತಮ್ಮದನ್ನು ತಾವೇ ಬರೆದರು, ಐವರೂ ಓದಿ ಸಹಿ ಹಾಕಿದರು. ಸಹಿ ಮಾಡುವವರ ಎದುರು ಉತ್ಪ್ರೇಕ್ಷೆ ಕಷ್ಟ. ಅವನು ಬರೆದದ್ದು ಒಂದೇ ಸಾಲು: ಸಂದರ್ಶನ ನಾಲ್ಕು, ಕೋಷ್ಟಕ ಎಲ್ಲವೂ.

ಅಧ್ಯಾಪಕರು ಆ ಪುಟ ಓದಿದರೋ ಇಲ್ಲವೋ, ಐವರಿಗೂ ಒಂದೇ ಅಂಕ ಬಂತು. ಅವಳಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟು ಹುಡುಗನ ಮೇಲೆ ಇರಲಿಲ್ಲ.